ಬಾಕಿ ಹಣ ಕೇಳಿ ಬರೆದ ಪತ್ರ

ಶಿವಮೊಗ್ಗದಲ್ಲಿದ್ದುಕೊಂಡು ನಾನು ಸ್ವತಂತ್ರವಾಗಿ ವಿನ್ಯಾಸದ ಕೆಲಸ ಮಾಡುತ್ತೇನೆ. ತೀರ್ಥಹಳ್ಳಿ ಕಡೆಯ ಒಂದು ಹೋಂಸ್ಟೇಗೆ ವೆಬ್‌ಸೈಟ್ ಮಾಡಿಕೊಟ್ಟಿದ್ದೆ. ಬಾಕಿ ಕೇಳಿದಾಗಲೆಲ್ಲ ಮಾಲೀಕರು "ಅಡಿಕೆ ಕೊಯ್ಲು ಮುಗೀಲಿ ಮಾರಾಯ್ರೇ" ಅನ್ನುತ್ತಿದ್ದರು. ಕೊಯ್ಲು ಮುಗಿದ ಮೇಲೆ "ಮಂಡೀಲಿ ರೇಟು ಏರಲಿ" ಅಂದರು. ಮಲೆನಾಡಿನಲ್ಲಿ ಅಡಿಕೆಯ ದುಡ್ಡು ಬಂದಾಗಲೇ ಸಾಲ ತೀರುವುದು ನಿಜ, ಅವರ ಮಾತನ್ನು ನಾನು ಸುಳ್ಳೆನ್ನುವುದಿಲ್ಲ. ಆದರೆ ಫೋನಿನಲ್ಲಿ ಹೇಳಿದ್ದಕ್ಕೆ ದಾಖಲೆಯಿಲ್ಲ. ಹಾಗಾಗಿ ಮಾರ್ಚ್ ಮೊದಲ ವಾರ ಈ ಪತ್ರವನ್ನು ಇಮೇಲ್‌ನಲ್ಲೂ ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿದೆ:

"ಮಾನ್ಯರೇ, ನಮಸ್ಕಾರ. ನಿಮ್ಮ ವೆಬ್‌ಸೈಟನ್ನು ಅಕ್ಟೋಬರ್ 8ರಂದು ಒಪ್ಪಿಸಿದ್ದೇನೆ. ಚೆನ್ನಾಗಿ ಬಂದಿದೆಯೆಂದು ಅಂದೇ ವಾಟ್ಸ್‌ಆ್ಯಪ್‌ನಲ್ಲಿ ತಿಳಿಸಿದ್ದೀರಿ. ಬಿಲ್ ಮೊತ್ತ 48,000 ರೂ., ಮುಂಗಡ 18,000, ಬಾಕಿ 30,000. ಇದನ್ನು ಮಾರ್ಚ್ 20ರೊಳಗೆ ಪಾವತಿಸಬೇಕೆಂದು ಕೋರುತ್ತೇನೆ. ಒಂದೇ ಸಲಕ್ಕೆ ಕಷ್ಟವಾದರೆ ಯಾವ ದಿನ ಎಷ್ಟು ಕೊಡುತ್ತೀರೆಂದು ಬರೆದು ತಿಳಿಸಿ. ಕೆಲಸದಲ್ಲಿ ಕೊರತೆಯಿದ್ದರೆ ಅದನ್ನೂ ಬರೆಯಿರಿ. ಆ ದಿನದೊಳಗೆ ಹಣವಾಗಲಿ ಉತ್ತರವಾಗಲಿ ಬರದಿದ್ದರೆ ಎಂಎಸ್‌ಎಂಇ ಕಾಯ್ದೆಯಡಿ ದೂರು ಸಲ್ಲಿಸುತ್ತೇನೆ."

ನನ್ನ ಮನೆ ಬಾಡಿಗೆ, ಕಷ್ಟ ಯಾವುದೂ ಇದರಲ್ಲಿಲ್ಲ. ಕಷ್ಟ ತೋಡಿಕೊಂಡರೆ ಹಕ್ಕಿನ ಹಣ ಸಹಾಯದ ಹಣವಾಗಿಬಿಡುತ್ತದೆ, ಆಗ ಎದುರಿನವರೂ ತಮ್ಮ ಕಷ್ಟ ಹೇಳತೊಡಗುತ್ತಾರೆ. ಒಪ್ಪಿಸಿದ ದಿನ ಮತ್ತು ಅವರು ಮೆಚ್ಚಿದ ಸಂದೇಶ ಮಾತ್ರ ಇರಲೇಬೇಕು, ಕಾಯ್ದೆಯ ಲೆಕ್ಕ ಶುರುವಾಗುವುದೇ ಅಲ್ಲಿಂದ. ಸಣ್ಣ ಉದ್ದಿಮೆಗಳಿಗಾಗಿ ಇರುವ 2006ರ ಆ ಕಾಯ್ದೆಯ ಪ್ರಕಾರ, ಬರಹದಲ್ಲಿ ಒಪ್ಪಂದವಿಲ್ಲದಿದ್ದರೆ ಕೆಲಸ ಸ್ವೀಕರಿಸಿದ 15 ದಿನದೊಳಗೆ ಹಣ ಕೊಡಬೇಕು. ಒಪ್ಪಂದವಿದ್ದರೂ ಗಡುವು 45 ದಿನ ದಾಟುವಂತಿಲ್ಲ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗಿ. ಬಡ್ಡಿಯ ಮಾತನ್ನು ಮೊದಲ ಪತ್ರದಲ್ಲಿ ನಾನು ಎತ್ತಲಿಲ್ಲ. ಊರಿನ ಸಂಬಂಧ ಉಳಿಯಬೇಕಾದರೆ ಮುಂದಿನ ಪತ್ರಕ್ಕೆ ಏನಾದರೂ ಉಳಿದಿರಬೇಕು.

ಈ ರಕ್ಷಣೆ ಬೇಕಾದವರು ಕೆಲಸ ಒಪ್ಪಿಕೊಳ್ಳುವ ಮೊದಲೇ ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ದಿಮೆಯೆಂದು ಸರ್ಕಾರದಲ್ಲಿ ನೋಂದಣಿ, ಮಾಡಿಸಿಕೊಂಡಿರುವುದು ಕ್ಷೇಮ. ಒಬ್ಬರೇ ಸೇವೆ ಕೊಡುವವರೂ ಅದನ್ನು ಉಚಿತವಾಗಿ ಮಾಡಿಸಬಹುದು. ನೋಂದಣಿ ಇಲ್ಲದವರಿಗೆ ಸಿವಿಲ್ ಕೋರ್ಟಿನ ದಾರಿ, ಅದಕ್ಕೆ ಸಾಮಾನ್ಯವಾಗಿ ಮೂರು ವರ್ಷದ ಮಿತಿ. ಆ ಮಿತಿಯೊಳಗೆ ಸಾಲಗಾರ ಬಾಕಿಯನ್ನು ಬರೆದು ಸಹಿ ಹಾಕಿ ಒಪ್ಪಿಕೊಂಡರೆ, ಅಂದಿನಿಂದ ಮೂರು ವರ್ಷ ಹೊಸದಾಗಿ ಎಣಿಕೆಯಾಗುತ್ತದೆ. ಕಂತಿನ ವಿಚಾರ ಬರೆದೇ ತಿಳಿಸಿ ಎಂದು ಕೇಳಿದ್ದು ಅದಕ್ಕಾಗಿಯೇ. ಕೊರತೆ ಕೇಳಿದ್ದಕ್ಕೂ ಕಾರಣವಿದೆ: ಆಗ ಸುಮ್ಮನಿದ್ದು, ದೂರು ಹೋದ ಮೇಲೆ ಕೆಲಸ ಸರಿಯಿರಲಿಲ್ಲ ಎಂದರೆ ಆ ಮಾತಿಗೆ ತೂಕ ಕಡಿಮೆ.

ಪತ್ರ ತಲುಪಿದ ಮೇಲೆ ಮಾಲೀಕರು ಫೋನ್ ಮಾಡಿ, ಎರಡು ಕಂತಿನಲ್ಲಿ ಕೊಡುತ್ತೇನೆ ಅಂದರು. "ಆಗಲಿ ಸರ್, ಅದನ್ನೇ ಎರಡು ಸಾಲು ಬರೆದು ಸಹಿ ಮಾಡಿ ಕಳಿಸಿ" ಅಂದೆ. ಸಂಜೆಗೆ ಸಹಿ ಹಾಕಿದ ಕಾಗದದ ಫೋಟೊ ಬಂತು. ಮಾರ್ಚ್ 20ಕ್ಕೆ ಅರ್ಧ, ಏಪ್ರಿಲ್‌ನಲ್ಲಿ ಉಳಿದರ್ಧ ಖಾತೆಗೆ ಬಿತ್ತು. ಎರಡಕ್ಕೂ ರಸೀದಿ ಕಳಿಸಿದ್ದೇನೆ.