ಅಡುಗೆಮನೆ ಈಶಾನ್ಯಕ್ಕೆ ಬಂದಿದ್ದರೆ

"ನಮ್ಮ ಟೂ ಬಿಎಚ್‌ಕೆ ಫ್ಲ್ಯಾಟಲ್ಲಿ ಅಡುಗೆಮನೆ ಈಶಾನ್ಯಕ್ಕೆ ಬಂದಿದೆ. ಆಗ್ನೇಯದಲ್ಲಿರೋ ಚಿಕ್ಕ ಬೆಡ್‌ರೂಮನ್ನೇ ಅಡುಗೆಮನೆ ಮಾಡ್ಕೋಬಹುದಾ?"

ಬೇಡ. ಅಡ್ಡಿ ಇರುವುದು ಸಿಂಕಿನ ನೀರಿನದು. ಮಹಡಿಯಿಂದ ಮಹಡಿಗೆ ಇಳಿಯುವ ಕೊಳವೆಗಳೆಲ್ಲ ಅಡುಗೆಮನೆ, ಬಚ್ಚಲುಮನೆಗಳ ಪಕ್ಕದ ಡಕ್ಟಿನಲ್ಲೇ ಇರುತ್ತವೆ. ಬೆಡ್‌ರೂಮಿನಿಂದ ಅಲ್ಲಿಗೆ 25 ಅಡಿ ಇದೆಯೆಂದುಕೊಳ್ಳಿ. ಅಡಿಗೆ ಕಾಲು ಇಂಚಿನ ಇಳಿಜಾರು ಕೊಟ್ಟರೂ 6 ಇಂಚಿಗಿಂತ ಹೆಚ್ಚು ಇಳಿತ ಬೇಕು. ಅಷ್ಟು ನೆಲ ಎತ್ತರಿಸಬೇಕು, ಇಲ್ಲವೇ ಕೆಳಗಿನ ಮನೆಯವರ ಸೀಲಿಂಗಿನಲ್ಲಿ ಪೈಪು ಹಾಯಬೇಕು. ಎರಡೂ ಆಗದ ಮಾತು.

ಹಾಗಂತ ನಂಬಿಕೆ ಬಿಡಬೇಕಿಲ್ಲ. ಇಡೀ ಮನೆಗೆ ಹೊಂದದ ದಿಕ್ಕನ್ನು ಕೋಣೆಯೊಳಗೆ ಹೊಂದಿಸುವುದನ್ನು ವಾಸ್ತು ಹೇಳುವವರೂ ಒಪ್ಪುತ್ತಾರೆ: ಒಲೆ ಅಡುಗೆಮನೆಯದೇ ಆಗ್ನೇಯ ಮೂಲೆಗೆ, ನೀರು ಈಶಾನ್ಯಕ್ಕೆ, ಅಡುಗೆ ಮಾಡುವವರ ಮುಖ ಪೂರ್ವಕ್ಕೆ. ಮೊದಲು ದಿಕ್ಕು ಖಚಿತವಾಗಲಿ. ಫ್ರಿಜ್, ಸಿಲಿಂಡರ್, ಗೋಡೆಯೊಳಗಿನ ಕಬ್ಬಿಣ ಇವೆಲ್ಲ ಫೋನಿನ ದಿಕ್ಸೂಚಿಯನ್ನು ತಿರುಗಿಸುತ್ತವೆ. ಮೂರು ಕಡೆ ನಿಂತು ನೋಡಿ, ಬಿಲ್ಡರ್ ಕೊಟ್ಟ ನಕ್ಷೆಯ ಉತ್ತರದ ಗುರುತಿನೊಂದಿಗೆ ತಾಳೆ ಹಾಕಿ.

ಒಂದು ಉದಾಹರಣೆ. ಪೂರ್ವದ ಗೋಡೆ 8 ಅಡಿ, ಅದರ ಉದ್ದಕ್ಕೂ ಕಟ್ಟೆ, ನಡುವೆ 3 ಅಡಿ ಕಿಟಕಿ. ಬಿಲ್ಡರ್ ಸಿಂಕನ್ನು ದಕ್ಷಿಣದ ತುದಿಗೆ, ಒಲೆಯನ್ನು ಉತ್ತರದ ತುದಿಗೆ ಇಟ್ಟಿದ್ದಾರೆ. ಇವೆರಡನ್ನೂ ಅದಲುಬದಲು ಮಾಡಿದರೆ ಸಾಕು. ಕಿಟಕಿಯ ಎರಡೂ ಕಡೆ ಎರಡೂವರೆ ಅಡಿ ಉಳಿಯುತ್ತದೆ. ದಕ್ಷಿಣದ ಕಡೆ 2 ಅಡಿ ಅಗಲದ ಎರಡು ಬರ್ನರ್ ಒಲೆ ಇಟ್ಟರೆ ಪಕ್ಕದ ಗೋಡೆಗೆ 6 ಇಂಚು ಜಾಗ ಸಿಗುತ್ತದೆ. ಮೂರು ಬರ್ನರ್ ಬೇಕೆಂದು ಹಟ ಹಿಡಿದರೆ ಒಲೆ ಕಿಟಕಿಯ ಕೆಳಗೆ ಸರಿಯುತ್ತದೆ, ಗಾಳಿಗೆ ಉರಿ ಆರುತ್ತದೆ. ನಡುವಿನ 3 ಅಡಿ ತರಕಾರಿ ಹೆಚ್ಚಲು. ಬೆಂಕಿ, ನೀರು ದೂರವಿರಬೇಕೆಂಬ ಮಾತೂ ಅಲ್ಲೇ ನಡೆಯಿತು.

ಸಿಂಕಿನ ಹೊಸ ಕೊಳವೆ ಕಟ್ಟೆಯ ಕೆಳಗೆ, ಹಿಂದಿನ ಗೋಡೆಗುಂಟ ಹಳೆಯ ಹೊರದಾರಿಗೆ ಸುಮಾರು 6 ಅಡಿ ಹೋಗಬೇಕು. ಇಳಿಜಾರು ಒಂದೂವರೆ ಇಂಚು. ನೆಲ ಒಡೆಯುವ ಕೆಲಸವಿಲ್ಲ. ಕೆಲಸ ಕೆಡುವುದು ಇಲ್ಲೇ: ಪ್ಲಂಬರ್ ಸುಲಭವೆಂದು ಸುಕ್ಕುಸುಕ್ಕಾದ ಬಳುಕುವ ಪೈಪು ಹಾಕುತ್ತಾರೆ. ಅದು ನಡುವೆ ಜೋತು ಬಿದ್ದು ಜಿಡ್ಡು ಕಟ್ಟುತ್ತದೆ. ಗಟ್ಟಿ ಪಿವಿಸಿ ಪೈಪನ್ನೇ ಕೇಳಿ, ತಿರುವಿನಲ್ಲಿ ಬಿಚ್ಚಿ ತೊಳೆಯಲು ಮುಚ್ಚಳವಿರಲಿ. ಹಣ ಕೊಡುವ ಮೊದಲು ಸಿಂಕ್ ತುಂಬಿಸಿ ಒಮ್ಮೆಲೇ ಬಿಡಿ. ನೀರು ನಿಧಾನವಾಗಿ ಗುಳುಗುಳು ಎನ್ನುತ್ತ ಇಳಿದರೆ ಇಳಿಜಾರು ಸರಿಯಿಲ್ಲ ಅಥವಾ ಎಲ್ಲೋ ಗಾಳಿ ಸಿಕ್ಕಿಕೊಂಡಿದೆ.

ಹಳೆಯ ಸಿಂಕಿನ ತೂತಿಗೆ ಗ್ರಾನೈಟ್ ತುಂಡು ಅಂಟಿಸಿ ಅದರ ಮೇಲೆ ಒಲೆ ಇಡಬೇಡಿ. ಆ ತೂತಿನ ಹಿಂದುಮುಂದಿನ ಕಿರಿದಾದ ಪಟ್ಟಿಗಳೇ ಮೊದಲು ಬಿರುಕು ಬಿಡುವುದು. ಅಷ್ಟು ಭಾಗದ ಕಲ್ಲನ್ನೇ ಬದಲಿಸಿ. ಸಿಲಿಂಡರನ್ನೂ ಒಲೆಯ ಹತ್ತಿರಕ್ಕೆ ತನ್ನಿ, ರಬ್ಬರ್ ಪೈಪು ಒಂದೂವರೆ ಮೀಟರ್ ದಾಟಬಾರದು.

ಬಾಡಿಗೆ ಮನೆಯಾದರೆ ಸಿಂಕ್ ಇದ್ದಲ್ಲೇ ಇರಲಿ. ಅದರಿಂದ 2 ಅಡಿ ಬಿಟ್ಟು, ಪೂರ್ವಕ್ಕೆ ಮುಖ ಬರುವಂತೆ, ಕಿಟಕಿ ತಪ್ಪಿಸಿ ಒಲೆ ಇಡಿ.