ಪರಿಚಯಕ್ಕೆ ಐವತ್ತೇ ಪದ

13 ನವೆಂಬರ್ 2025, ಗುರುವಾರ
ಮಂಡ್ಯ

ಕಬ್ಬಿನ ವಿಚಾರ ಸಂಕಿರಣದ ಕಾರ್ಯಕ್ರಮ ಪುಸ್ತಿಕೆ ನಾಳೆ ಪ್ರೆಸ್ಸಿಗೆ ಹೋಗಬೇಕು. ಭಾಷಣಕಾರರ ಪರಿಚಯ ತಲಾ ಐವತ್ತು ಪದ ಮೀರಬಾರದು ಅಂತ ಮೊದಲೇ ತಿಳಿಸಿದ್ದೆವು. ಮಧ್ಯಾಹ್ನದ ಗೋಷ್ಠಿಯ ಮೇಷ್ಟ್ರು ಎರಡು ಪುಟ ಕಳಿಸಿದ್ದಾರೆ! ಹುಟ್ಟಿದ ಊರಿಂದ ಶುರು. ಮೇಲಿಂದ ಐವತ್ತು ಪದ ಎಣಿಸಿ ಕತ್ತರಿಸಿದರೆ ಅವರು ಇನ್ನೂ ಬಿಎಸ್ಸಿಯಲ್ಲೇ ಇರುತ್ತಾರೆ.

ಹಾಗಾಗಿ ಕತ್ತರಿಸಲು ಹೋಗಲಿಲ್ಲ. ಅವರ ಭಾಷಣದ ವಿಷಯವನ್ನು ಹಾಳೆಯ ಮೇಲ್ಗಡೆ ಬರೆದುಕೊಂಡೆ: ತರಗು ಸುಡದೆ ಕೂಳೆ ಕಬ್ಬು. ಅಂದರೆ ಕಟಾವಾದ ಮೇಲೆ ಬುಡದಿಂದಲೇ ಮತ್ತೆ ಚಿಗುರುವ ಕಬ್ಬನ್ನು, ಹೊಲದಲ್ಲಿ ಉಳಿದ ಒಣ ಎಲೆ ಸುಡದೆ ಬೆಳೆಯುವುದು. ಇದನ್ನು ಹೇಳಲು ಇವರೇ ಯಾಕೆ ಅಂತ ಮುಂದಿನ ಸಾಲಲ್ಲಿ ಕೂತ ರೈತ ಕೇಳಿದರೆ ಯಾವ ಸಾಲು ಉತ್ತರ ಕೊಡುತ್ತದೆ? ಪದವಿಗಳು ಕೊಡುವುದಿಲ್ಲ, 'ಡಾ.' ಅಂತ ಇದ್ದರೆ ಸಾಕು. ಸಮಿತಿಗಳ ಸದಸ್ಯತ್ವವೂ ಕೊಡುವುದಿಲ್ಲ. ಉತ್ತರ ಇದ್ದದ್ದು ಎರಡನೇ ಪುಟದ ತಳದಲ್ಲಿ, ಸಮಿತಿಗಳ ಪಟ್ಟಿಯ ಕೆಳಗೆ: ಎಂಟು ವರ್ಷ ರೈತರ ಹೊಲದಲ್ಲೇ ನಡೆಸಿದ ಪ್ರಯೋಗ. ಅದನ್ನೇ ಮುಂದಕ್ಕೆ ತಂದೆ.

'ಪ್ರಾಧ್ಯಾಪಕರಾಗಿ ಕಾರ್ಯನಿರ್ವಹಿಸುತ್ತಿರುತ್ತಾರೆ' ಎಂಬುದು ಬರೀ 'ಪ್ರಾಧ್ಯಾಪಕರು' ಆಯಿತು. ಎರಡು ಪದ ಸೇರಿಸಿ ಒಂದು ಮಾಡಿ ಲೆಕ್ಕ ತಪ್ಪಿಸುವವರೂ ಇದ್ದಾರೆ. ಸುಮ್ನೆ ಶ್ರಮ. ಫೋಟೋ ಪಕ್ಕ ಇರುವ ಜಾಗ ಅಷ್ಟೇ ಅಲ್ವಾ?

ಒಪ್ಪಿಗೆಗೆ ಫೋನ್ ಮಾಡಿ ಓದಿ ಹೇಳಿದೆ.

"ಅಲ್ಲಮ್ಮಾ, ಫಾರಿನ್ ಟ್ರೇನಿಂಗ್ ಬಿಟ್ಟೇಬಿಟ್ಟಿದ್ದೀಯಲ್ಲ?"

"ಅದು ಯಾವ ಬೆಳೆಯದು ಸರ್?"

"ಗೋಧಿ." ಸ್ವಲ್ಪ ಹೊತ್ತು ಬಿಟ್ಟು, "ಹೋಗ್ಲಿ ಬಿಡು" ಅಂದರು.

ಅರವತ್ತಕ್ಕೂ ಜಾಸ್ತಿ ಸಂಶೋಧನಾ ಲೇಖನಗಳ ವಿಷಯಕ್ಕೆ ಅಷ್ಟು ಬೇಗ ಒಪ್ಪಲಿಲ್ಲ. ವಿಜ್ಞಾನಿಗಳ ಸಭೆಯಾಗಿದ್ದರೆ ನಾನೂ ಉಳಿಸುತ್ತಿದ್ದೆ. ಇಲ್ಲಿ ಬರುವವರು ಅರ್ಧಕ್ಕಿಂತ ಜಾಸ್ತಿ ಕಬ್ಬು ಬೆಳೆಯುವವರು. ಅದರ ಬದಲು ಅವರು ಕನ್ನಡದಲ್ಲಿ ಬರೆದ ಕೈಪಿಡಿ ಇರಲಿ ಅಂದೆ. ಪ್ರಶಸ್ತಿ ಮಾತ್ರ ಬೇಕೇ ಬೇಕು ಅಂದರು. ಎರಡಿದ್ದವು. ಬೇಸಾಯದ ಕೆಲಸಕ್ಕೆ ಬಂದದ್ದು ಉಳಿಯಿತು, ಉತ್ತಮ ಶಿಕ್ಷಕ ಪ್ರಶಸ್ತಿ ಹೋಯಿತು. ಮಾತಿನ ಮಧ್ಯೆ, ಊರಲ್ಲಿ ತಮ್ಮದೂ ಮೂರು ಎಕರೆ ಕಬ್ಬಿದೆ ಅಂದರು. ಎರಡು ಪುಟದಲ್ಲಿ ಎಲ್ಲೂ ಇಲ್ಲದ ಮಾತು! ತಕ್ಷಣ ಸೇರಿಸಿದೆ.

ಕೊನೆಗೆ ನಿಂತದ್ದು ಇದು, ಹೆಸರೊಂದನ್ನು ಬಿಟ್ಟು:

"ಕೃಷಿ ವಿಶ್ವವಿದ್ಯಾಲಯದಲ್ಲಿ ಬೇಸಾಯ ಶಾಸ್ತ್ರದ ಪ್ರಾಧ್ಯಾಪಕರು. ಕೂಳೆ ಕಬ್ಬಿನಲ್ಲಿ ತರಗು ಸುಡುವ ಬದಲು ಸಾಲಿನ ನಡುವೆ ಹೊದಿಸಿದರೆ ನೀರು, ಗೊಬ್ಬರ ಎಷ್ಟು ಉಳಿಯುತ್ತದೆ ಎಂದು ಎಂಟು ವರ್ಷ ಮದ್ದೂರು, ಪಾಂಡವಪುರ ತಾಲ್ಲೂಕುಗಳ ರೈತರ ಹೊಲದಲ್ಲೇ ಪ್ರಯೋಗ ನಡೆಸಿದ್ದಾರೆ. ಇದೇ ವಿಷಯದ ಮೇಲೆ ರೈತರಿಗಾಗಿ ಕನ್ನಡದಲ್ಲಿ ಕೈಪಿಡಿ ಬರೆದಿದ್ದಾರೆ. ಬೇಸಾಯ ಸಂಶೋಧನೆಗೆ ರಾಜ್ಯ ಮಟ್ಟದ ಪ್ರಶಸ್ತಿ ಪಡೆದಿದ್ದಾರೆ. ಸ್ವತಃ ಮೂರು ಎಕರೆ ಕಬ್ಬು ಬೆಳೆಯುತ್ತಾರೆ."

'ಡಾ.', ಇನಿಷಿಯಲ್, ಹೆಸರು ಸೇರಿ ನಲವತ್ತೆಂಟು. ನಿರೂಪಕಿಗೂ ಇದನ್ನೇ ಕೊಡುತ್ತೇನೆ, ಓದಲು ಅರ್ಧ ನಿಮಿಷ ಸಾಕು. ಉದ್ಘಾಟನಾ ಭಾಷಣದವರು ಮಾತ್ರ ಬರೀ ಹೆಸರು, ಹುದ್ದೆ ಕಳಿಸಿ ಸುಮ್ಮನಾಗಿದ್ದಾರೆ. ಬೆಳಿಗ್ಗೆ ಅವರಿಗೆ ಫೋನ್ ಮಾಡಬೇಕು.