ಸ್ಟೋರಿ ನೋಡ್ತಾರೆ, ರೇಟ್ ಕೇಳಲ್ಲ

"ಇನ್‌ಸ್ಟಾದಾಗ ಸೀರಿ ಮಾರಾಕ ದಿನಾ ಸ್ಟೋರಿ ಹಾಕ್ತೀನ್ರೀ. ಮಂದಿ ನೋಡ್ತಾರ, ಆದ್ರ ಯಾರೂ ರೇಟ್ ಕೇಳಂಗಿಲ್ಲ. ಏನ್ ಮಾಡ್ಲಿ?"

ನಿನ್ನೆ ಹಾಕಿದ ಸ್ಟೋರಿಗಳನ್ನು ನೀವೇ ಒಮ್ಮೆ ತೆಗೆದು ನೋಡಿ. ಸಾಲಾಗಿ ಸೀರೆ ಫೋಟೊ, ಕೆಳಗೆ ‘ರೇಟ್‌ಗೆ ಮೆಸೇಜ್ ಮಾಡಿ’. ಅಷ್ಟೇ ಅಲ್ವಾ? ಗುರುತಿಲ್ಲದವರ ಹತ್ತಿರ ರೇಟ್ ಕೇಳಿ, ಆಮೇಲೆ ಬೇಡ ಅನ್ನೋದು ಬಹಳ ಜನಕ್ಕೆ ಮುಜುಗರ. ಸುಮ್ನೆ ಮುಂದಕ್ಕೆ ಹೋಗ್ತಾರೆ.

ಧಾರವಾಡದಲ್ಲಿ ಇಳಕಲ್ ಸೀರೆಗೆ ಕಸೂತಿ ಹಾಕಿ ಮಾರುವ ಅಕ್ಕ ಒಬ್ಬರಿದ್ದಾರೆ. ಅವರು ಈಗ ಒಂದು ದಿನಕ್ಕೆ ಒಂದೇ ಸೀರೆ, ನಾಲ್ಕು ಸ್ಟೋರಿ ಹಾಕುತ್ತಾರೆ. ಮೊದಲನೆಯದು ಬಿಸಿಲಲ್ಲಿ ಪೂರ್ತಿ ಸೀರೆ. ಎರಡನೆಯದು ಸೆರಗಿನ ಗೋಪುರದ ಕಸೂತಿ, ತೀರಾ ಹತ್ತಿರದಿಂದ. ಅದರ ಮೇಲೆ ಪೋಲ್ ಸ್ಟಿಕ್ಕರ್: ‘ಇದು ಮೇಲ್ಬದಿಯೋ, ಒಳಬದಿಯೋ?’ ಮೂರನೆಯದು ಉತ್ತರ, ಬೆರಳಿನಿಂದ ಸೆರಗು ತಿರುವಿ ತೋರಿಸುವ ಸಣ್ಣ ವಿಡಿಯೊ. ಗವಂತಿ, ಮುರ್ಗಿ ಹೊಲಿಗೆ ಎರಡೂ ಬದಿ ಒಂದೇ ತರ ಕಾಣುತ್ತವೆ, ಗಂಟು ಇರೋದಿಲ್ಲ. (ನೇಗಿ, ಮೆಂತಿ ಹಾಗಲ್ಲ. ಆ ಸೀರೆಗೆ ಈ ಪ್ರಶ್ನೆ ಕೇಳಬೇಡಿ.) ಕೈಕೆಲಸಕ್ಕೆ ಯಾಕಿಷ್ಟು ರೇಟ್ ಅನ್ನೋದಕ್ಕೆ ಉತ್ತರ ಅಲ್ಲೇ ಸಿಗುತ್ತದೆ. ನಾಲ್ಕನೆಯದರಲ್ಲಿ ರೇಟ್, ಇರೋದು ಎಷ್ಟು ಸೀರೆ, ಮತ್ತೆ ‘ಬೇಕಿದ್ದರೆ ‘ಸೆರಗು’ ಅಂತ ರಿಪ್ಲೈ ಮಾಡ್ರಿ’ ಅನ್ನೋ ಒಂದು ಸಾಲು. ಒಂದೇ ಪದ ಆದರೆ ಬರೆಯೋಕೆ ಸಂಕೋಚ ಇರೋದಿಲ್ಲ.

ಪೋಲ್ ಇರುವ ಸ್ಟೋರಿಯನ್ನು ಮೇಲಕ್ಕೆ ಸರಿಸಿದರೆ ಯಾರು ಯಾವುದಕ್ಕೆ ಒತ್ತಿದ್ದಾರೆ ಅಂತ ಹೆಸರು ಸಮೇತ ಕಾಣುತ್ತದೆ. ಒತ್ತಿದವರಿಗೆ ಅಕ್ಕ ಒಂದು ಸಲ ಮಾತ್ರ ಬರೆಯುತ್ತಾರೆ: ‘ಸರಿ ಹೇಳಿದ್ರಿ! ಇದೇ ಸೀರೆ ಹಸಿರಿನಾಗೂ ಐತಿ, ಫೋಟೊ ಕಳಸ್ಲ್ಯಾ?’ ಹ್ಞೂಂ ಅಂದರೆ ಮಾತ್ರ ಫೋಟೊ. ಕೇಳದೆ ಹತ್ತು ಫೋಟೊ ಸುರಿದರೆ ಬ್ಲಾಕ್ ಆಗ್ತೀರಿ.

ಸ್ಟೋರಿ ನೋಡಿದವರ ಲೆಕ್ಕವೂ ಅಲ್ಲೇ ಇರುತ್ತದೆ. ಎರಡನೆಯದಕ್ಕೇ ಜನ ಅರ್ಧಕ್ಕೆ ಇಳಿದರೆ ಮೊದಲ ಫೋಟೊ ಸಪ್ಪೆ ಅಂತ ತಿಳಿಯಿರಿ. ನಾಲ್ಕರವರೆಗೂ ಬಂದು ರಿಪ್ಲೈ ಇಲ್ಲ ಅಂದರೆ ರೇಟ್ ಅಥವಾ ನಂಬಿಕೆಯ ಮಾತು. ಆಗ ಪ್ರಶ್ನೆ ಕೇಳುವ ಸ್ಟಿಕ್ಕರ್ ಹಾಕಿ. ಬಂದ ಪ್ರಶ್ನೆಯನ್ನು ಸ್ಟೋರಿಯಲ್ಲಿ ಹಂಚಿದಾಗ ಕೇಳಿದವರ ಹೆಸರು ಬೇರೆಯವರಿಗೆ ಕಾಣೋದಿಲ್ಲ, ಇದನ್ನು ಮೊದಲೇ ಹೇಳಿ. ‘ಒಗೆದರೆ ದಾರದ ಬಣ್ಣ ಬಿಡ್ತದೇನು?’ ಅಂತ ಬಂದರೆ, ಒದ್ದೆ ಬಿಳಿ ಬಟ್ಟೆ ಕಸೂತಿ ಮೇಲೆ ಒತ್ತಿ ತೋರಿಸಿ.

ಸ್ಟೋರಿ 24 ಗಂಟೆಗೆ ಮಾಯ. ಉಳಿಯಬೇಕಾದದ್ದು ಹೈಲೈಟ್‌ಗೆ ಹೋಗಬೇಕು. ಅಲ್ಲೊಂದು ತೊಡಕಿದೆ. ಹೈಲೈಟ್ ಒಳಗೆ ಹಳೆಯದೇ ಮೊದಲು ಓಡುತ್ತದೆ. ಹೊಸಬರು ತೆರೆದ ತಕ್ಷಣ ಯಾವತ್ತೋ ಮಾರಿಹೋದ ಸೀರೆ ಕಾಣುತ್ತದೆ. ಅದನ್ನೇ ಕೇಳ್ತಾರೆ, ನೀವು ಇಲ್ಲ ಅಂತೀರಿ, ಅವರು ಹೊರಟುಹೋಗ್ತಾರೆ. ಅದಕ್ಕೇ ಸೀರೆ ಹೋದ ದಿನವೇ ಪೂರ್ತಿ ಸೀರೆಯ ಫೋಟೊ ಮತ್ತು ರೇಟಿನ ಸ್ಟೋರಿಯನ್ನು ಹೈಲೈಟ್‌ನಿಂದ ತೆಗೆಯಿರಿ. ಸೆರಗು ತಿರುವಿದ ವಿಡಿಯೊ ಮಾತ್ರ ಇರಲಿ, ಮುಂದಿನ ಸೀರೆಗೂ ಅದೇ ಬೇಕಾಗುತ್ತದೆ.